ಬಡ್ತಿಗೆ, ಪ್ರಶಸ್ತಿಗೆ ಶಿಫಾರಸು ಬರೆಯುವುದು ಹೇಗೆ: ಹೊಗಳಿಕೆಯ ಜಾಗದಲ್ಲಿ ಪುರಾವೆ

ಬಡ್ತಿ ಸಮಿತಿಯ ಮುಂದೆ ಒಂದೇ ದಿನ ಹತ್ತಾರು ಶಿಫಾರಸುಗಳು ಬರುತ್ತವೆ. ಓದುವವರಲ್ಲಿ ಹೆಚ್ಚಿನವರಿಗೆ ಅಭ್ಯರ್ಥಿಯ ಮುಖ ಪರಿಚಯವೂ ಇರುವುದಿಲ್ಲ. "ಶ್ರಮಜೀವಿ, ಪ್ರಾಮಾಣಿಕರು, ತಂಡದ ಬೆನ್ನೆಲುಬು" ಅನ್ನುವ ಮಾತು ಎಲ್ಲ ಪತ್ರಗಳಲ್ಲೂ ಇರುತ್ತದೆ. ಎಲ್ಲರ ಬಗ್ಗೆಯೂ ಒಂದೇ ಮಾತು ಬರೆದಿದ್ದರೆ, ಅದನ್ನು ಓದಿ ಒಬ್ಬರನ್ನು ಆರಿಸುವುದು ಹೇಗೆ? ಸಮಿತಿ ನಿಜವಾಗಿ ಹುಡುಕುವುದು ಎರಡೇ ಪ್ರಶ್ನೆಗೆ ಉತ್ತರ. ಈ ವ್ಯಕ್ತಿ ಏನು ಮಾಡಿದರು? ಅದು ನಿಮಗೆ ಹೇಗೆ ಗೊತ್ತು?

ಕಣ್ಣಿಗೆ ಬೀಳುವ ಕೆಲಸ ಮಾಡುವವರಿಗೆ ಶಿಫಾರಸು ಬರೆಯುವುದು ಅಷ್ಟೇನೂ ಕಷ್ಟವಲ್ಲ. ತೆರೆಮರೆಯಲ್ಲಿ ದುಡಿಯುವವರಿಗೆ ಬರೆಯುವುದು ಕಷ್ಟ. ಅವರು ಚೆನ್ನಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ, ತೊಂದರೆ ಬರುವುದಿಲ್ಲ, ಅಷ್ಟೇ. ಅದಕ್ಕೇ ಇಲ್ಲಿ ಅಂಥ ಒಬ್ಬರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದು ಆಸ್ಪತ್ರೆಯಲ್ಲಿ ಔಷಧದ ಸ್ಟೋರ್‌ನ ಸಹಾಯಕಿ ಒಬ್ಬರಿದ್ದಾರೆ ಅಂದುಕೊಳ್ಳಿ. ಅವರನ್ನು ಸ್ಟೋರ್ ಮೇಲ್ವಿಚಾರಕಿಯ ಹುದ್ದೆಗೆ ಶಿಫಾರಸು ಮಾಡಬೇಕು, ಬರೆಯುವವರು ನೀವು. ವ್ಯಕ್ತಿಯೂ ಅಂಕಿಗಳೂ ಉದಾಹರಣೆಗಾಗಿ ಮಾಡಿಕೊಂಡವು. ಎದುರಾಗುವ ತೊಡಕುಗಳು ಮಾತ್ರ ಎಲ್ಲ ಕಡೆಯೂ ಬರುವಂಥವು.

ಮೊದಲು ಮಾನದಂಡ ಓದಿ

ಬಡ್ತಿಯೂ ಪ್ರಶಸ್ತಿಯೂ ಒಂದೇ ಬಗೆಯ ಪತ್ರ ಕೇಳುವುದಿಲ್ಲ. ಪ್ರಶಸ್ತಿ ಸಮಿತಿಗೆ ಬೇಕಾದ್ದು ಈ ಅವಧಿಯಲ್ಲಿ ಏನು ಸಾಧಿಸಿದರು ಅನ್ನುವುದು. ಬಡ್ತಿ ಸಮಿತಿ ಮುಂದಕ್ಕೆ ನೋಡುತ್ತದೆ. ಮೇಲಿನ ಹುದ್ದೆಯ ಕೆಲಸವನ್ನು ಇವರು ಈಗಾಗಲೇ ಸ್ವಲ್ಪವಾದರೂ ಮಾಡುತ್ತಿದ್ದಾರಾ ಎಂದು ಅದು ಕೇಳುತ್ತದೆ. ಈಗಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ ಎಂದು ಎಷ್ಟು ಬರೆದರೂ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಳ್ಳೆಯ ಅಭ್ಯರ್ಥಿಗಳ ಪತ್ರಗಳು ಹೆಚ್ಚಾಗಿ ಸೋಲುವುದು ಇಲ್ಲೇ.

ಮೇಲಿನ ಹುದ್ದೆಯ ಕೆಲಸದ ವಿವರಣೆ ತಂದುಕೊಳ್ಳಿ. ಮಾನದಂಡಗಳನ್ನು ಒಂದು ಹಾಳೆಯ ಎಡಬದಿಯಲ್ಲಿ ಬರೆಯಿರಿ, ಬಲಬದಿಯನ್ನು ಖಾಲಿ ಬಿಡಿ. ನಮ್ಮ ಉದಾಹರಣೆಯಲ್ಲಿ ಮೂರು ಮಾನದಂಡ ಇವೆ ಅನ್ನೋಣ. ಸಮಸ್ಯೆಯ ಮೂಲ ಹುಡುಕಿ ಸರಿಪಡಿಸಬೇಕು, ಬೇರೆ ವಿಭಾಗಗಳ ಜೊತೆ ಸೇರಿ ಕೆಲಸ ಮಾಡಿಸಬೇಕು, ಇತರರಿಗೆ ಕಲಿಸಬೇಕು. ಇನ್ನು ಮುಂದೆ ಹುಡುಕುವುದೆಲ್ಲ ಆ ಖಾಲಿ ಜಾಗ ತುಂಬುವುದಕ್ಕಾಗಿ. ಯಾವ ಮಾನದಂಡಕ್ಕೂ ಹೊಂದದ ಸಾಧನೆ ಎಷ್ಟೇ ಚೆನ್ನಾಗಿದ್ದರೂ ಪತ್ರದಲ್ಲಿ ಅದಕ್ಕೆ ಒಂದು ಸಾಲಿಗಿಂತ ಜಾಸ್ತಿ ಜಾಗ ಕೊಡಬೇಡಿ.

ಬರೆಯುವ ಮೊದಲು ಹುಡುಕಿ

ನೆನಪಿನಿಂದ ಬರೆಯಲು ಕೂತರೆ ಕಳೆದ ಎರಡು ಮೂರು ತಿಂಗಳ ಸಂಗತಿಗಳಷ್ಟೇ ಬರುತ್ತವೆ. ಹಳೆಯದು ಮರೆತಿರುತ್ತದೆ. ಉಳಿದ ಜಾಗ ತುಂಬಲು ಕೈ ತಾನಾಗಿ ವಿಶೇಷಣಗಳ ಕಡೆಗೆ ಹೋಗುತ್ತದೆ. ಆದ್ದರಿಂದ ಪತ್ರದ ಮೊದಲ ಸಾಲಿಗೂ ಮುಂಚೆ ದಾಖಲೆ ನೋಡಿ. ಇಡೀ ವರ್ಷದ ಇಮೇಲ್, ಸಭೆಯ ಟಿಪ್ಪಣಿ, ರಿಜಿಸ್ಟರ್, ದೂರಿನ ಪುಸ್ತಕ, ಹಳೆಯ ತಿಂಗಳ ವರದಿ ಎಲ್ಲವನ್ನೂ ತಿರುವಿ ಹಾಕಿ. ಸ್ಟೋರ್‌ನಲ್ಲಾದರೆ ಅವಧಿ ಮೀರಿದ ಔಷಧಗಳನ್ನು ಬರೆದಿಡುವ ಎಕ್ಸ್‌ಪೈರಿ ರಿಜಿಸ್ಟರ್ ಇದ್ದೇ ಇರುತ್ತದೆ. ಇಂಥ ಕೆಲಸಕ್ಕೆ ಅದು ಚಿನ್ನದಂಥ ದಾಖಲೆ, ಏಕೆಂದರೆ ಅದನ್ನು ಯಾರೂ ಈ ಶಿಫಾರಸಿಗಾಗಿ ಬರೆದದ್ದಲ್ಲ.

ಆಮೇಲೆ ಜನರನ್ನು ಕೇಳಿ. "ಅವರ ಬಗ್ಗೆ ಏನನ್ನಿಸುತ್ತೆ?" ಎಂದರೆ "ತುಂಬಾ ಒಳ್ಳೆಯವರು" ಅನ್ನುವ ಉತ್ತರವೇ ಬರುತ್ತದೆ. ಪ್ರಶ್ನೆಯನ್ನು ಒಂದು ಘಟನೆಯ ಕಡೆಗೆ ತಿರುಗಿಸಿ. "ಈ ವರ್ಷ ಅವರು ಮಾಡಿದ ಯಾವ ಕೆಲಸದಿಂದ ನಿಮ್ಮ ಕೆಲಸದ ರೀತಿ ಬದಲಾಯಿತು?" ಎಂದು ಕೇಳಿ. "ಅವರು ಒಂದು ತಿಂಗಳು ರಜೆ ಹಾಕಿದರೆ ನಿಮ್ಮಲ್ಲಿ ಮೊದಲು ಯಾವುದು ನಿಲ್ಲುತ್ತದೆ?" ಎಂದು ಕೇಳಿ. ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲಿ ತೆರೆಮರೆಯ ಕೆಲಸ ಹೊರಗೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಒಂದು ವಾರ್ಡ್‌ನ ಹಿರಿಯ ನರ್ಸ್ ಹೀಗೆ ಹೇಳುತ್ತಾರೆ: "ಪ್ರತಿ ಸೋಮವಾರ ಅವರಿಂದ ಒಂದು ಪಟ್ಟಿ ಬರುತ್ತೆ. ಬೇಗ ಎಕ್ಸ್‌ಪೈರಿ ಆಗೋ ಔಷಧಗಳದ್ದು. ಅದನ್ನ ನೋಡಿಯೇ ನಾವು ಇಂಡೆಂಟ್ ಹಾಕೋದು." ಇಂಡೆಂಟ್ ಅಂದರೆ ಔಷಧ ಬೇಕೆಂದು ವಾರ್ಡ್‌ನವರು ಸ್ಟೋರ್‌ಗೆ ಕಳಿಸುವ ಬೇಡಿಕೆ. ನಿಮಗೆ ಸೋಮವಾರದ ಈ ಪಟ್ಟಿಯ ವಿಷಯವೇ ಗೊತ್ತಿಲ್ಲದೆ ಇರಬಹುದು.

ನಿಯಮ ಬಿಡುವುದಾದರೆ ಅಭ್ಯರ್ಥಿಯನ್ನೂ ಕೇಳಿ. ಕೆಲವು ಪ್ರಶಸ್ತಿಗಳಲ್ಲಿ ಅವರಿಗೆ ತಿಳಿಯದಂತೆ ಹೆಸರು ಸೂಚಿಸಬೇಕಾಗುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ಕೇಳಬಹುದಾದರೆ "ನಿಮ್ಮ ಸಾಧನೆ ಏನು?" ಎಂದು ಕೇಳಬೇಡಿ. ಸಂಕೋಚದವರು ಏನೂ ಇಲ್ಲ ಅಂತಾರೆ. "ಈ ಪಟ್ಟಿ ಮಾಡಬೇಕು ಅಂತ ಯಾಕೆ ಅನ್ನಿಸಿತು? ಮೊದಲು ಏನು ಮಾಡಿ ನೋಡಿದಿರಿ?" ಎಂದು ಕೇಳಿ. ಕೆಲಸದ ಬಗ್ಗೆ ಮಾತಾಡಲು ಯಾರಿಗೂ ಸಂಕೋಚವಿಲ್ಲ.

ಒಂದು ಸಾಧನೆಯನ್ನು ಪೂರ್ತಿ ಬರೆಯುವುದು

ಎಂಟು ಹತ್ತು ಸಾಧನೆಗಳನ್ನು ಒಂದೊಂದು ಸಾಲಿನಲ್ಲಿ ತುರುಕುವ ಬದಲು ಎರಡು ಅಥವಾ ಮೂರನ್ನು ಆರಿಸಿ, ಪ್ರತಿಯೊಂದಕ್ಕೂ ಒಂದು ಪ್ಯಾರಾ ಕೊಡಿ. ಒಂದೇ ಸಾಲಿನ ಸಾಧನೆಯಲ್ಲಿ "ಹೇಗೆ ಗೊತ್ತು?" ಅನ್ನುವುದಕ್ಕೆ ಜಾಗವೇ ಇರುವುದಿಲ್ಲ.

ನೀವು ಮೊದಲು ಬರೆದ ಸಾಲು ಹೀಗಿದೆ ಎಂದುಕೊಳ್ಳಿ: "ಇವರು ಅತ್ಯಂತ ಜವಾಬ್ದಾರಿಯುತ ಮತ್ತು ಕ್ರಿಯಾಶೀಲ ಸಿಬ್ಬಂದಿ. ಇವರ ಅವಿರತ ಶ್ರಮದಿಂದ ಔಷಧಗಳು ವ್ಯರ್ಥವಾಗುವುದು ಗಣನೀಯವಾಗಿ ಕಡಿಮೆಯಾಗಿದೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎಷ್ಟು ಕಡಿಮೆಯಾಯಿತು? ಯಾವಾಗಿನಿಂದ? ಅವರು ಮಾಡಿದ್ದಾದರೂ ಏನು? ಶ್ರಮ ಅನ್ನುವುದು ಏನು ಮಾಡಿದರು ಅನ್ನುವುದಕ್ಕೆ ಉತ್ತರವಲ್ಲ.

ಮೊದಲು ಹಿಂದಿನ ಸ್ಥಿತಿ ಹೇಳಿ. ಅದಿಲ್ಲದೆ ಬದಲಾವಣೆಗೆ ಅರ್ಥವಿಲ್ಲ. ರಿಜಿಸ್ಟರ್ ಪ್ರಕಾರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಸರಾಸರಿ 60 ಐಟಂ ಅವಧಿ ಮೀರಿ ಹೊರಗೆ ಹೋಗುತ್ತಿದ್ದವು. ಇಲ್ಲಿ ಒಂದೇ ತಿಂಗಳ ಅಂಕಿ ತೆಗೆದುಕೊಳ್ಳಬೇಡಿ. ತೀರಾ ಕೆಟ್ಟ ತಿಂಗಳನ್ನು ಆರಿಸಿಕೊಂಡರೆ ಮುಂದಿನ ತಿಂಗಳು ಯಾರೂ ಏನೂ ಮಾಡದಿದ್ದರೂ ಚೆನ್ನಾಗಿಯೇ ಕಾಣುತ್ತದೆ. ಅನುಭವಸ್ಥ ಓದುಗರು ಇದನ್ನು ಕೂಡಲೇ ಹಿಡಿಯುತ್ತಾರೆ.

ಆಮೇಲೆ ಅವರು ಕಂಡುಕೊಂಡದ್ದು, ತೆಗೆದುಕೊಂಡ ನಿರ್ಧಾರ. ಹೊಸ ಸ್ಟಾಕ್ ಬಂದಾಗ ಅದನ್ನು ರ‍್ಯಾಕಿನ ಮುಂದೆ ಇಡುತ್ತಿದ್ದರು. ಹಳೆಯದು ಹಿಂದೆ ಸರಿದು ಅಲ್ಲೇ ಅವಧಿ ಮೀರುತ್ತಿತ್ತು. ಅಕ್ಟೋಬರ್‌ನಲ್ಲಿ ಅವರು ರ‍್ಯಾಕುಗಳನ್ನು ಎಕ್ಸ್‌ಪೈರಿ ತಾರೀಖಿನ ಪ್ರಕಾರ ಮರುಜೋಡಿಸಿದರು. ಮೊದಲು ಅವಧಿ ಮುಗಿಯುವುದು ಮೊದಲು ಹೊರಗೆ ಹೋಗಬೇಕು ಎಂದು ಗೊತ್ತು ಮಾಡಿದರು. 90 ದಿನದೊಳಗೆ ಅವಧಿ ಮುಗಿಯುವ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಅಂಟಿಸಿದರು. ಅವುಗಳ ಪಟ್ಟಿಯನ್ನು ಪ್ರತಿ ಸೋಮವಾರ ವಾರ್ಡುಗಳಿಗೆ ಕಳಿಸಲು ಶುರು ಮಾಡಿದರು, ಯಾವ ವಾರ್ಡಿನಲ್ಲಿ ಬೇಗ ಖರ್ಚಾಗುತ್ತದೋ ಅಲ್ಲಿಗೆ ಹೋಗಲಿ ಎಂದು. ಈ ನಾಲ್ಕು ವಾಕ್ಯ ಓದಿದವರಿಗೆ "ಕ್ರಿಯಾಶೀಲ" ಎಂದು ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಫಲಿತಾಂಶ. ಡಿಸೆಂಬರ್‌ನಲ್ಲಿ 34 ಐಟಂ, ಮಾರ್ಚ್‌ನಲ್ಲಿ 21.

ಅಷ್ಟೇ ಎಂದು ಬಿಡಬೇಡಿ. ಅಸಲಿ ಕಷ್ಟ ಈಗ ಬರುತ್ತದೆ.

ಅವರ ಪಾಲು ಎಷ್ಟು?

ಜನವರಿಯಲ್ಲಿ ಇದೇ ಆಸ್ಪತ್ರೆ ಖರೀದಿಗೆ ಹೊಸ ಸಾಫ್ಟ್‌ವೇರ್ ತಂದಿತು ಅಂದುಕೊಳ್ಳಿ. ಆರ್ಡರ್‌ಗಳ ಗಾತ್ರ ಚಿಕ್ಕದಾಯಿತು, ಹಾಗಾಗಿ ಸ್ಟಾಕ್ ಕೊಳೆಯುವುದೂ ಕಡಿಮೆಯಾಯಿತು. ನೀವು "60ರಿಂದ 21ಕ್ಕೆ ಇಳಿಸಿದರು" ಎಂದು ಬರೆದರೆ, ಸಮಿತಿಯಲ್ಲಿ ಸಾಫ್ಟ್‌ವೇರ್ ಬಗ್ಗೆ ಗೊತ್ತಿರುವ ಒಬ್ಬರು "ಅದು ಸಾಫ್ಟ್‌ವೇರ್‌ನಿಂದ ಆದದ್ದು, ಅಲ್ವಾ?" ಎಂದರೆ ಸಾಕು. ಆ ಸಾಧನೆಯ ಜೊತೆಗೆ ಪತ್ರದ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ತಪ್ಪು ನಿಮ್ಮದು, ಪೆಟ್ಟು ಅಭ್ಯರ್ಥಿಗೆ.

ಪಾಲು ಬೇರ್ಪಡಿಸಲು ಎರಡು ದಾರಿ ಇವೆ. ಒಂದು, ಕಾಲಕ್ರಮ ನೋಡುವುದು. ಸಾಫ್ಟ್‌ವೇರ್ ಬಂದದ್ದು ಜನವರಿಯಲ್ಲಿ, ಡಿಸೆಂಬರ್ ಹೊತ್ತಿಗೇ ಅಂಕಿ 34ಕ್ಕೆ ಇಳಿದಿತ್ತು. ಅಲ್ಲಿಯವರೆಗಿನ ಇಳಿಕೆಗೆ ಸಾಫ್ಟ್‌ವೇರ್ ಕಾರಣವಾಗಿರಲು ಸಾಧ್ಯವಿಲ್ಲ. ಇನ್ನೊಂದು, ಅದೇ ಅನುಕೂಲ ಇದ್ದು ಇವರು ಇಲ್ಲದ ಜಾಗ ಹುಡುಕುವುದು. ಅದೇ ಆಸ್ಪತ್ರೆಯ ಎರಡನೇ ಸ್ಟೋರ್‌ನಲ್ಲಿ ಮೊದಲ ಆರು ತಿಂಗಳ ಸರಾಸರಿ 55 ಇತ್ತು, ಡಿಸೆಂಬರ್‌ನಲ್ಲಿ 53, ಮಾರ್ಚ್‌ನಲ್ಲಿ 41. ಅಲ್ಲಿ ಸಾಫ್ಟ್‌ವೇರ್ ಬಂದ ಮೇಲಷ್ಟೇ ಅಂಕಿ ಕದಲಿದೆ. ಹಾಗಾದರೆ ಪತ್ರದಲ್ಲಿ ಹೀಗೆ ಬರೆಯಬಹುದು:

"ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ ತಿಂಗಳಿಗೆ ಸರಾಸರಿ 60 ಐಟಂ ಅವಧಿ ಮೀರುತ್ತಿದ್ದವು. ಅಕ್ಟೋಬರ್‌ನಲ್ಲಿ ಇವರು ರ‍್ಯಾಕುಗಳನ್ನು ಎಕ್ಸ್‌ಪೈರಿ ತಾರೀಖಿನ ಪ್ರಕಾರ ಜೋಡಿಸಿ, ವಾರ್ಡುಗಳಿಗೆ ವಾರದ ಪಟ್ಟಿ ಕಳಿಸಲು ಆರಂಭಿಸಿದರು. ಡಿಸೆಂಬರ್‌ನಲ್ಲಿ ಈ ಸಂಖ್ಯೆ 34ಕ್ಕೆ ಇಳಿಯಿತು. ಆ ತಿಂಗಳು ಎರಡನೇ ಸ್ಟೋರ್‌ನಲ್ಲಿ 53 ಇತ್ತು. ಜನವರಿಯ ನಂತರದ ಇಳಿಕೆಯಲ್ಲಿ (ಮಾರ್ಚ್‌ನಲ್ಲಿ 21) ಹೊಸ ಖರೀದಿ ಸಾಫ್ಟ್‌ವೇರ್‌ನ ಪಾಲೂ ಇದೆ. ಆಧಾರ: ಎರಡೂ ಸ್ಟೋರ್‌ಗಳ ಎಕ್ಸ್‌ಪೈರಿ ರಿಜಿಸ್ಟರ್."

ಸಾಫ್ಟ್‌ವೇರ್ ವಿಷಯ ನೀವೇ ಹೇಳಿದ್ದರಿಂದ ಸಾಧನೆ ಸ್ವಲ್ಪ ಚಿಕ್ಕದಾಯಿತು, ನಿಜ. ಆದರೆ ಇನ್ನು ಅದನ್ನು ಯಾರೂ ಅಲುಗಾಡಿಸಲಾರರು. ಆಕ್ಷೇಪಣೆ ಎತ್ತಬೇಕೆಂದಿದ್ದವರಿಗೆ ಉತ್ತರ ಪತ್ರದಲ್ಲೇ ಸಿಕ್ಕಿತು.

ತಂಡದ ಕೆಲಸದಲ್ಲೂ ಇದೇ ಪ್ರಶ್ನೆ ಬರುತ್ತದೆ. "ತಂಡದೊಂದಿಗೆ ಸೇರಿ ಮಾಡಿದರು" ಎಂದರೆ ಇವರು ಏನು ಮಾಡಿದರು ಅನ್ನುವುದು ಕಾಣುವುದಿಲ್ಲ. "ಇವರೇ ಮಾಡಿದರು" ಎಂದರೆ ಉಳಿದವರಿಗೆ ಅನ್ಯಾಯ, ಅವರಲ್ಲೊಬ್ಬರ ಮೇಲಧಿಕಾರಿ ಸಮಿತಿಯಲ್ಲೇ ಕೂತಿರಬಹುದು. ಕ್ರಿಯಾಪದವನ್ನು ಸರಿಯಾಗಿ ಆರಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಕಂಡುಹಿಡಿದರು, ನಿರ್ಧರಿಸಿದರು, ಬರೆದರು, ಒಪ್ಪಿಸಿದರು, ಕಲಿಸಿದರು: ಇವೆಲ್ಲ ಬೇರೆ ಬೇರೆ ಕೆಲಸಗಳು. "ನೆರವಾದರು", "ಭಾಗವಹಿಸಿದರು", "ಪ್ರಮುಖ ಪಾತ್ರ ವಹಿಸಿದರು" ಅನ್ನುವ ಪದಗಳು ಕಂಡಲ್ಲೆಲ್ಲ ನಿಲ್ಲಿ. ಅಲ್ಲಿ ನಿಜವಾಗಿ ಏನು ನಡೆಯಿತು ಎಂದು ನಿಮಗೇ ಗೊತ್ತಿಲ್ಲದೆ ಇರಬಹುದು. ಮತ್ತೆ ಹೋಗಿ ಕೇಳಬೇಕು.

ಅಂಕಿ ಇದ್ದರೂ ಸಾಲದು

ಅಮೆರಿಕದಲ್ಲಿ 1987ರ ಕಾನೂನಿನಿಂದ ಶುರುವಾದ ಬಾಲ್ಡ್ರಿಜ್ ಪ್ರಶಸ್ತಿ ಇದೆ. ಅದು ಸಂಸ್ಥೆಗಳಿಗೆ ಕೊಡುವ ಗುಣಮಟ್ಟದ ಪ್ರಶಸ್ತಿ. ಅದರ ಪರೀಕ್ಷಕರು ಫಲಿತಾಂಶಗಳನ್ನು ನಾಲ್ಕು ಕೋನದಿಂದ ನೋಡುತ್ತಾರೆ: ಈಗಿನ ಮಟ್ಟ ಎಷ್ಟು, ಕಾಲ ಕಳೆದಂತೆ ಯಾವ ಕಡೆ ಸಾಗಿದೆ, ಬೇರೆಯವರಿಗೆ ಹೋಲಿಸಿದರೆ ಹೇಗೆ, ಮತ್ತು ಸಂಸ್ಥೆಗೆ ನಿಜಕ್ಕೂ ಮುಖ್ಯವಾದದ್ದನ್ನೇ ಅಳೆದಿದ್ದಾರಾ. ಒಬ್ಬ ವ್ಯಕ್ತಿಯ ಶಿಫಾರಸಿಗೂ ಈ ನಾಲ್ಕು ಪ್ರಶ್ನೆ ಚೆನ್ನಾಗಿ ಹೊಂದುತ್ತವೆ. ನಮ್ಮ ಪ್ಯಾರಾದಲ್ಲಿ ಮಟ್ಟ ಇದೆ, ಸಾಗಿದ ದಿಕ್ಕು ಇದೆ, ಎರಡನೇ ಸ್ಟೋರ್‌ನ ಹೋಲಿಕೆ ಇದೆ. ನಾಲ್ಕನೆಯದು ಬಾಕಿ. ಅವಧಿ ಮೀರುವುದು ಕಡಿಮೆಯಾಗಲಿ ಎಂದು ಸ್ಟಾಕನ್ನೇ ತೀರಾ ಕಡಿಮೆ ಇಟ್ಟಿದ್ದರೆ? ಆಗ ರೋಗಿಗೆ ಬೇಕಾದಾಗ ಔಷಧ ಸಿಗುವುದಿಲ್ಲ. ಆದ್ದರಿಂದ ಅದೇ ಅವಧಿಯಲ್ಲಿ "ಸ್ಟಾಕ್ ಇಲ್ಲ" ಎಂದು ವಾಪಸ್ ಕಳಿಸಿದ ಇಂಡೆಂಟ್‌ಗಳು ಹೆಚ್ಚಾಗಿಲ್ಲ ಎಂದು ನೋಡಿ, ಒಂದು ಸಾಲು ಸೇರಿಸಿ. ಹೆಚ್ಚಾಗಿದ್ದರೆ ಈ ಸಾಧನೆಯನ್ನು ಪತ್ರದಿಂದ ತೆಗೆದುಬಿಡಿ.

ಶೇಕಡಾ ಲೆಕ್ಕದಲ್ಲೂ ಹುಷಾರಾಗಿರಿ. ದೂರುಗಳು 4ರಿಂದ 2ಕ್ಕೆ ಇಳಿದದ್ದನ್ನು "ಶೇ 50 ಇಳಿಕೆ" ಎಂದು ಬರೆದರೆ ಓದುಗರಿಗೆ ಮೋಸ ಹೋದ ಹಾಗನ್ನಿಸುತ್ತದೆ. ಚಿಕ್ಕ ಸಂಖ್ಯೆಗಳನ್ನು ಇದ್ದ ಹಾಗೇ ಬರೆಯಿರಿ.

ಅಂಕಿಯೇ ಇಲ್ಲದ ಕೆಲಸ

ಮೂರನೇ ಮಾನದಂಡ ನೆನಪಿದೆಯಲ್ಲ, ಇತರರಿಗೆ ಕಲಿಸುವುದು? ಇದಕ್ಕೆ ಸುಮ್ನೆ ಒಂದು ಅಂಕಿ ಹುಟ್ಟಿಸಬೇಡಿ. ಅಂಕಿ ಇಲ್ಲದ ಕಡೆ, ಬೇರೆಯವರು ಏನು ಮಾಡಲು ಶುರು ಮಾಡಿದರು ಅನ್ನುವುದೇ ಪುರಾವೆ. ಮರುವರ್ಷದ ಏಪ್ರಿಲ್‌ನಲ್ಲಿ ಎರಡನೇ ಸ್ಟೋರ್‌ನವರು ಇವರ ಪಟ್ಟಿಯ ನಮೂನೆಯನ್ನೇ ತೆಗೆದುಕೊಂಡರು. ಹಾಗೆ ಮಾಡಿ ಎಂದು ಯಾರೂ ಆದೇಶ ಕೊಟ್ಟಿರಲಿಲ್ಲ. ಹೊಸದಾಗಿ ಸೇರಿದ ಇಬ್ಬರು ಸಹಾಯಕರು, ಇವರು ರಜೆಯಲ್ಲಿದ್ದ ಎರಡು ವಾರವೂ ಪಟ್ಟಿಯನ್ನು ಸೋಮವಾರಕ್ಕೆ ಸರಿಯಾಗಿ ಕಳಿಸಿದರು. "ಉತ್ತಮ ಮಾರ್ಗದರ್ಶಕಿ" ಅನ್ನುವ ಮಾತಿಗಿಂತ ಈ ಎರಡು ಸಂಗತಿ ಎಷ್ಟೋ ಹೆಚ್ಚು ಹೇಳುತ್ತವೆ. ಅವರು ಇಲ್ಲದಾಗಲೂ ಕೆಲಸ ನಡೆಯಿತು ಅನ್ನುವುದು ಮೇಲ್ವಿಚಾರಕಿಯ ಹುದ್ದೆಗೆ ನೇರವಾಗಿ ಹೊಂದುವ ಪುರಾವೆ.

ಬೇರೆಯವರ ಮಾತನ್ನು ಉಲ್ಲೇಖಿಸುವುದಾದರೆ ಹೊಗಳಿಕೆಯ ಸಾಲನ್ನು ಬಿಟ್ಟು ಸಂಗತಿ ಇರುವ ಸಾಲನ್ನು ಆರಿಸಿ. ನರ್ಸ್ ಹೇಳಿದ "ಅದನ್ನ ನೋಡಿಯೇ ನಾವು ಇಂಡೆಂಟ್ ಹಾಕೋದು" ಅನ್ನುವ ಮಾತು ಎರಡನೇ ಮಾನದಂಡಕ್ಕೆ ಸಾಕ್ಷಿ. ಅವರ ಒಪ್ಪಿಗೆ ಕೇಳಿ, ಅವರು ಹೇಳಿದಂತೆಯೇ ಬರೆಯಿರಿ.

ವಿಶೇಷಣಗಳನ್ನು ಜರಡಿ ಹಿಡಿಯುವುದು

ಕರಡು ಮುಗಿದ ಮೇಲೆ ಪೆನ್ಸಿಲ್ ಹಿಡಿದು ಎಲ್ಲ ವಿಶೇಷಣಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿಯೊಂದನ್ನೂ ತೆಗೆದು ವಾಕ್ಯ ಓದಿ ನೋಡಿ. ಅರ್ಥ ಹಾಗೇ ಉಳಿದರೆ ಅದು ಬೇಡ. ಅರ್ಥ ಬಿದ್ದುಹೋದರೆ ಆ ವಿಶೇಷಣದ ಹಿಂದೆ ಬರೆಯದೇ ಬಿಟ್ಟ ಘಟನೆಯೊಂದಿದೆ, ಅದನ್ನು ಬರೆಯಿರಿ. "ತುಂಬಾ ತಾಳ್ಮೆಯವರು" ಎಂದು ಬರೆದದ್ದು ಯಾವ ದಿನವನ್ನು ನೆನಪಿಸಿಕೊಂಡು? ಆ ದಿನದ ಸಂಗತಿ ಪತ್ರಕ್ಕೆ ಬರಲಿ. ಹಾಗೆ ಯಾವ ದಿನವೂ ನೆನಪಿಗೆ ಬರದಿದ್ದರೆ ಪದವನ್ನು ಹೊಡೆದುಹಾಕಿ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಸಂಶೋಧಕಿಯರು ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಓದಿ 2003ರಲ್ಲಿ ಅಧ್ಯಯನ ಪ್ರಕಟಿಸಿದರು. ಮಹಿಳೆಯರ ಪರವಾಗಿ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕದಾಗಿದ್ದವು. ಅವುಗಳಲ್ಲಿ ಕಷ್ಟಪಟ್ಟು ದುಡಿಯುತ್ತಾರೆ ಅನ್ನುವಂಥ ಮಾತುಗಳೂ, ಅನುಮಾನ ಹುಟ್ಟಿಸುವ ಸಾಲುಗಳೂ ಹೆಚ್ಚಾಗಿ ಕಂಡವು. ಬರೆದವರು ಕೆಟ್ಟದ್ದು ಮಾಡಬೇಕೆಂದು ಬರೆದಿರಲಾರರು. ವಿಶೇಷಣಗಳನ್ನು ನಂಬಿ ಬರೆದಾಗ ನಮ್ಮೊಳಗಿನ ರೂಢಿಯೇ ಪದಗಳನ್ನು ಆರಿಸುತ್ತದೆ. ನಮ್ಮ ಸ್ಟೋರ್ ಸಹಾಯಕಿಯ ಮೊದಲ ಕರಡಿನಲ್ಲೂ "ಅವಿರತ ಶ್ರಮ" ಬಂದಿತ್ತು, ನೆನಪಿದೆಯಾ? ಅವರು ಮಾಡಿದ್ದು ಕಾರಣ ಹುಡುಕಿದ್ದು, ವ್ಯವಸ್ಥೆ ಬದಲಿಸಿದ್ದು. ಶ್ರಮ ಎಂದರೆ ಅದು ಮುಚ್ಚಿಹೋಗುತ್ತದೆ. "ಸ್ವಲ್ಪ ಮಾರ್ಗದರ್ಶನ ಸಿಕ್ಕರೆ ಚೆನ್ನಾಗಿ ಬೆಳೆಯಬಲ್ಲರು" ಅನ್ನುವಂಥ ಸಾಲೂ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಸಮಿತಿ ಮಾತ್ರ ಅದನ್ನು "ಇನ್ನೂ ತಯಾರಿಲ್ಲ" ಎಂದೇ ಓದುತ್ತದೆ.

ಮೊದಲ ಸಾಲು, ಕೊನೆಯ ಪರೀಕ್ಷೆ

ಪತ್ರದ ಮೊದಲ ಸಾಲನ್ನು ಎಲ್ಲ ಮುಗಿದ ಮೇಲೆ ಬರೆಯಿರಿ. ಯಾವ ಹುದ್ದೆಗೆ, ಯಾವ ಕಾರಣಕ್ಕೆ ಅನ್ನುವುದು ಎರಡು ವಾಕ್ಯದಲ್ಲಿ ಬಂದರೆ ಸಾಕು. "ಇವರನ್ನು ಸ್ಟೋರ್ ಮೇಲ್ವಿಚಾರಕಿಯ ಹುದ್ದೆಗೆ ಶಿಫಾರಸು ಮಾಡುತ್ತೇನೆ. ಔಷಧಗಳು ಅವಧಿ ಮೀರಲು ಕಾರಣ ಹುಡುಕಿ ಇವರು ರೂಪಿಸಿದ ಪಟ್ಟಿಯ ನಮೂನೆಯನ್ನು ಈಗ ಎರಡೂ ಸ್ಟೋರ್‌ಗಳು ಅನುಸರಿಸುತ್ತಿವೆ." ಓದುವವರು ಅಲ್ಲಿಗೇ ನಿಲ್ಲಿಸಿದರೂ ಮುಖ್ಯ ವಿಷಯ ಅವರಿಗೆ ಮುಟ್ಟಿರುತ್ತದೆ. ಪದಮಿತಿ ಇದ್ದರೆ ಅದಕ್ಕೆ ತಕ್ಕಂತೆ ಮೂರನೇ ಸಾಧನೆಯನ್ನು ಬಿಡಿ. ಮೊದಲ ಎರಡರ ಪುರಾವೆಗೆ ಕತ್ತರಿ ಹಾಕಬೇಡಿ.

ಆಮೇಲೆ ಪತ್ರವನ್ನು ಆ ವಿಭಾಗದ ಗಂಧಗಾಳಿ ಇಲ್ಲದ ಒಬ್ಬರಿಗೆ ಓದಲು ಕೊಡಿ. "ಚೆನ್ನಾಗಿದೆಯಾ?" ಎಂದು ಕೇಳಬೇಡಿ. ಪತ್ರವನ್ನು ವಾಪಸ್ ತೆಗೆದುಕೊಂಡು, "ಇವರು ಏನು ಮಾಡಿದರು, ನಿಮ್ಮ ಮಾತಲ್ಲಿ ಹೇಳಿ" ಅನ್ನಿ. ರ‍್ಯಾಕ್, ಚೀಟಿ, ಸೋಮವಾರದ ಪಟ್ಟಿ ಅವರ ಬಾಯಿಗೆ ಬಂದರೆ ಪತ್ರ ಕೆಲಸ ಮಾಡುತ್ತಿದೆ. "ಏನೋ ಸ್ಟೋರ್‌ನಲ್ಲಿ ತುಂಬಾ ಚೆನ್ನಾಗಿ ಕೆಲಸ ಮಾಡ್ತಾರಂತೆ" ಎಂದರೆ ಎಲ್ಲೋ ವಿಶೇಷಣ ಗೆದ್ದಿದೆ, ಸಂಗತಿ ಸೋತಿದೆ.

ಕಳಿಸುವ ಮುನ್ನ ಪ್ರತಿ ಅಂಕಿಯನ್ನೂ ಮೂಲ ರಿಜಿಸ್ಟರ್‌ನೊಂದಿಗೆ ಇನ್ನೊಮ್ಮೆ ತಾಳೆ ನೋಡಿ. ಆ ಪುಟಗಳ ಪ್ರತಿಯನ್ನು, ಸಿಕ್ಕ ಇಮೇಲ್‌ಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಕೇಳದೆ ಎಲ್ಲವನ್ನೂ ಲಗತ್ತಿಸಬೇಕಿಲ್ಲ. ಸಮಿತಿಯಿಂದ ಕರೆ ಬಂದು "ಡಿಸೆಂಬರ್‌ನ ಆ 34 ಎಲ್ಲಿಂದ ಬಂತು?" ಎಂದು ಕೇಳಿದಾಗ, ಪುಟ ತೆಗೆದು ತೋರಿಸುವಂತಿರಬೇಕು.